ನಿರ್ವಾಣ, ಆಪರೇಷನ್ ಮತ್ತು ಜೋಗಪ್ಪನ ಮೈ

ಹುಟ್ಟಿದಾಗ ಗಂಡು ಅಥವಾ ಹೆಣ್ಣು ಎಂದು ಬರೆಸಿದ ಲಿಂಗಕ್ಕೂ ತಾನು ಯಾರೆಂಬ ಒಳಗಿನ ಅರಿವಿಗೂ ಹೊಂದದೆ ಇರುವವರು, ದೇಹವನ್ನು ಆ ಅರಿವಿಗೆ ಹತ್ತಿರ ತರಲು ಮಾಡಿಸಿಕೊಳ್ಳುವ ಆಪರೇಷನ್‌ಗಳಿಗೆಲ್ಲ ಒಟ್ಟಾಗಿ ಲಿಂಗತ್ವ ದೃಢೀಕರಣ ಶಸ್ತ್ರಚಿಕಿತ್ಸೆ ಎಂಬ ಹೆಸರಿದೆ. ಜನರ ಬಾಯಲ್ಲಿ ಅದು 'ಲಿಂಗ ಪರಿವರ್ತನೆ ಆಪರೇಷನ್'. ಒಂದೇ ದಿನದಲ್ಲಿ ಗಂಡು ಹೆಣ್ಣಾಗಿ, ಹೆಣ್ಣು ಗಂಡಾಗಿ ಹೊರಬರುವ ಒಂದೇ ಆಪರೇಷನ್ ಯಾವುದೂ ಇಲ್ಲ. ಟ್ರಾನ್ಸ್ ಮಹಿಳೆಯರಿಗೆ ವೃಷಣ ತೆಗೆಯುವುದು, ಯೋನಿ ರಚಿಸುವುದು, ಸ್ತನ ಹಿಗ್ಗಿಸುವುದು, ಮುಖದ ಮೂಳೆ ತಿದ್ದುವುದು ಬೇರೆ ಬೇರೆ ಕೆಲಸಗಳು. ಟ್ರಾನ್ಸ್ ಪುರುಷರಿಗೆ ಎದೆ ಸಮತಟ್ಟು ಮಾಡುವುದು, ಗರ್ಭಕೋಶ ತೆಗೆಯುವುದು, ಶಿಶ್ನ ರಚಿಸುವುದು ಕೂಡ ಹಾಗೆಯೇ. ಒಂದನ್ನು ಮಾಡಿಸಿಕೊಂಡವರು ಇನ್ನೊಂದನ್ನು ಮಾಡಿಸಿಕೊಳ್ಳಲೇಬೇಕೆಂಬ ನಿಯಮವೂ ಇಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಈ ವಿಷಯಕ್ಕೆ ಆಸ್ಪತ್ರೆಗಿಂತ ಹಳೆಯ ಹಿನ್ನೆಲೆಯಿದೆ. ವಳಕಮದಿನ್ನಿಯಂಥ ಊರುಗಳ ಜನ ಹರಕೆ ಹೊತ್ತು ನಡೆದುಕೊಳ್ಳುವ ದೇವತೆಗಳು ಕೊಪ್ಪಳ ಜಿಲ್ಲೆಯ ಹುಲಿಗಿಯ ಹುಲಿಗೆಮ್ಮ ಮತ್ತು ಬೆಳಗಾವಿ ಜಿಲ್ಲೆಯ ಸವದತ್ತಿಯ ಎಲ್ಲಮ್ಮ. ಈ ಇಬ್ಬರು ತಾಯಂದಿರ ಸೇವೆಗೆ ನಿಂತ ಜೋಗಪ್ಪಗಳು ಗಂಡಾಗಿ ಹುಟ್ಟಿ ಸೀರೆ ಉಟ್ಟವರು. ಹುಡುಗನ ಮೈಮೇಲೆ ದೇವಿ ಬಂದಳು, ಕೂದಲು ಜಡೆಗಟ್ಟಿತು, ಹೆಣ್ಣಿನ ನಡೆ ನುಡಿ ಬಿಡಲಾಗಲಿಲ್ಲ ಎಂದಾಗ ಮನೆಯವರೇ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಬಳೆ, ಕುಂಕುಮ, ತಲೆಯ ಮೇಲೆ ಜಗ, ಕೈಯಲ್ಲಿ ಪಡ್ಡಲಗಿ, ಚೌಡಿಕೆಯ ಹಾಡು, ಮಂಗಳವಾರ ಶುಕ್ರವಾರದ ಜೋಗ. 2021ರ ಪದ್ಮಶ್ರೀ ಪಟ್ಟಿಯಲ್ಲಿದ್ದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ದೀಕ್ಷೆ ಪಡೆದದ್ದೂ ಹುಲಿಗೆಮ್ಮನ ಸನ್ನಿಧಿಯಲ್ಲಿಯೇ.

ಇಷ್ಟೆಲ್ಲ ವಿಧಿಯಲ್ಲಿ ಕತ್ತಿಯ ಪ್ರಸ್ತಾಪವೇ ಬರುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಜೋಗಪ್ಪ ಪರಂಪರೆಯಲ್ಲಿ ಅಂಗ ತೆಗೆಸಿಕೊಳ್ಳುವ ಕಟ್ಟಳೆ ಇಲ್ಲ. ದೇವಿ ಹಿಡಿದದ್ದು ಈ ಮೈಯನ್ನೇ, ಅದನ್ನು ಕೊಯ್ಯುವ ಅಧಿಕಾರ ಮನುಷ್ಯರಿಗಿಲ್ಲ ಎಂಬ ನಂಬಿಕೆ ಬಲವಾಗಿದೆ. ಊರಿನಲ್ಲೇ ಉಳಿದು, ಅಣ್ಣತಮ್ಮಂದಿರ ಮನೆಯಲ್ಲೇ ಇದ್ದು, ಕೆಲವೊಮ್ಮೆ ಹೆಂಡತಿ ಮಕ್ಕಳನ್ನೂ ಇಟ್ಟುಕೊಂಡು ಬಾಳಿದ ಜೋಗಪ್ಪಗಳಿದ್ದಾರೆ. ಅವರನ್ನು ಹೆಣ್ಣೆಂದೋ ದೇವಿಯೆಂದೋ ಕರೆಯಲು ಊರಿಗೆ ಅವರ ಅಂಗರಚನೆಯ ಮಾಹಿತಿ ಬೇಕಾಗಲಿಲ್ಲ.

ಹಿಜ್ರಾ ಜಮಾತ್‌ಗಳ ರೀತಿ ಬೇರೆ. ಗುರು–ಚೇಲಾ ಸಂಬಂಧದ ಮೇಲೆ ನಿಂತ ಈ ಮನೆತನಗಳಲ್ಲಿ ಶಿಶ್ನ, ವೃಷಣ ಎರಡನ್ನೂ ತೆಗೆಸಿಕೊಳ್ಳುವುದಕ್ಕೆ 'ನಿರ್ವಾಣ' ಎನ್ನುತ್ತಾರೆ, ತೆಗೆಸಿಕೊಳ್ಳದವರು 'ಅಕ್ವಾ'. ನಿರ್ವಾಣವಾದವರಿಗೆ ಜಮಾತಿನೊಳಗೆ ಮಾನ ಹೆಚ್ಚು. ಹಿಂದೆ ದಾಯಮ್ಮ ಎನಿಸಿಕೊಂಡ ಅನುಭವಿ ಹಿಜ್ರಾಗಳು ಈ ಕೆಲಸ ಮಾಡುತ್ತಿದ್ದರು. ಅರಿವಳಿಕೆಯಾಗಲಿ ಹೊಲಿಗೆಯಾಗಲಿ ಇರುತ್ತಿರಲಿಲ್ಲ. ಗಾಯ ತಾನಾಗಿ ಮಾಯಲೆಂದು ಬಿಟ್ಟು 40 ದಿನ ಕೋಣೆಯಲ್ಲಿರಿಸಿ, ಬಳಿಕ ಅರಿಶಿಣ ಹಚ್ಚಿ ಹೊಸ ಸೀರೆ ಉಡಿಸಿ ಬಹುಚರಾ ಮಾತೆಗೆ ಪೂಜೆ ಸಲ್ಲಿಸುತ್ತಿದ್ದರು. ರಕ್ತ ಹರಿದು ಸತ್ತವರ ಲೆಕ್ಕ ಯಾರೂ ಇಟ್ಟಿಲ್ಲ. ಮುಂದೆ ಸಣ್ಣ ಕ್ಲಿನಿಕ್‌ಗಳ ವೈದ್ಯರು ದುಡ್ಡು ಪಡೆದು ಗುಟ್ಟಾಗಿ ಇದನ್ನು ಮಾಡತೊಡಗಿದರು. ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಹೋರಾಟಗಾರ್ತಿಯಾಗಿ ಬೆಳೆದ ಎ. ರೇವತಿಯವರ ಆತ್ಮಕಥೆ 'ಬದುಕು ಬಯಲು' ಆ ಕಾಲದ ಇಂಥ ಆಪರೇಷನ್ನಿನ ನೋವನ್ನು ಕನ್ನಡ ಓದುಗರ ಮುಂದಿಟ್ಟಿತು. ಕೆಲಸ ಗುಟ್ಟಾಗಿ ನಡೆಯಲು ಕಾನೂನೂ ಒಂದು ಕಾರಣ. ಭಾರತೀಯ ದಂಡ ಸಂಹಿತೆಯ 320ನೇ ಕಲಂ ಪುರುಷತ್ವ ಹರಣವನ್ನು ಘೋರ ಗಾಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇಟ್ಟಿತ್ತು. ರೋಗಿಯ ಒಪ್ಪಿಗೆಯಿಂದ, ಅವರ ಒಳಿತಿಗಾಗಿ ಸದುದ್ದೇಶದಿಂದ ಮಾಡುವ ಚಿಕಿತ್ಸೆಗೆ ಅದೇ ಸಂಹಿತೆಯಲ್ಲಿ ರಕ್ಷಣೆ ಇದ್ದರೂ ದೊಡ್ಡ ಆಸ್ಪತ್ರೆಗಳು ಬಹುಕಾಲ ಹಿಂಜರಿದವು. ಆ ಹಿಂಜರಿಕೆಯ ಲಾಭ ಪಡೆದವರು ಅರೆಬರೆ ಕಲಿತವರು.

ನಿರ್ವಾಣಕ್ಕೂ ಇಂದಿನ ಆಸ್ಪತ್ರೆಯ ಯೋನಿ ರಚನೆಗೂ ಇರುವ ಅಂತರ ತಿಳಿಯದೆ ಹಲವರು ಮುಂದೆ ಪಶ್ಚಾತ್ತಾಪ ಪಡುತ್ತಾರೆ. ನಿರ್ವಾಣದಲ್ಲಿ ಅಂಗವನ್ನು ಕತ್ತರಿಸಿ ಬಿಸಾಡುತ್ತಾರೆ. ಆಸ್ಪತ್ರೆಯಲ್ಲಿ ಅದೇ ಅಂಗದ ಚರ್ಮ ಮತ್ತು ನರ ಹೊಸ ಅಂಗದ ಕಚ್ಚಾ ಸಾಮಗ್ರಿಯಾಗುತ್ತದೆ. 1950ರ ದಶಕದಲ್ಲಿ ಮೊರಾಕ್ಕೋದ ಕಾಸಾಬ್ಲಾಂಕಾದಲ್ಲಿ ಫ್ರೆಂಚ್ ವೈದ್ಯ ಜಾರ್ಜ್ ಬುರೂ ರೂಢಿಗೆ ತಂದ ಕ್ರಮವೇ ಇಂದಿಗೂ ಆಧಾರ. ಮೂತ್ರಕೋಶ ಮತ್ತು ಪ್ರಾಸ್ಟೇಟ್ ಒಂದು ಕಡೆ, ಗುದನಾಳ ಇನ್ನೊಂದು ಕಡೆ ಇರುವ ಇಕ್ಕಟ್ಟಿನ ಜಾಗದಲ್ಲಿ ಶಸ್ತ್ರವೈದ್ಯರು ಹೊಸ ಕುಹರ ಬಿಡಿಸುತ್ತಾರೆ. ಶಿಶ್ನದ ಚರ್ಮವನ್ನು ಒಳಮೊಗವಾಗಿ ಮಗುಚಿ ಅದಕ್ಕೆ ಹೊದಿಸುತ್ತಾರೆ. ಸಾಲದಿದ್ದರೆ ವೃಷಣಚೀಲದ ಚರ್ಮದ ತೇಪೆ ಸೇರಿಸುತ್ತಾರೆ. ಶಿಶ್ನದ ತುದಿಯ ಒಂದು ಚೂರನ್ನು ಅದರ ನರ, ರಕ್ತನಾಳಗಳ ಸಮೇತ ಉಳಿಸಿ ಚಂದ್ರನಾಡಿ ಮಾಡುತ್ತಾರೆ. ಮೂತ್ರನಾಳವನ್ನು ಗಿಡ್ಡ ಮಾಡಿ ಕೆಳಮುಖವಾಗಿ ಕೂರಿಸುತ್ತಾರೆ. ಪ್ರಾಸ್ಟೇಟ್ ಮಾತ್ರ ಇದ್ದಲ್ಲೇ ಇರುತ್ತದೆ. ನಾಲ್ಕರಿಂದ ಆರು ಗಂಟೆ ಹಿಡಿಯುವ ಕೆಲಸ ಇದು.

ಒಮ್ಮೆ ನಿರ್ವಾಣವಾದ ಮೇಲೆ ಹತ್ತು ವರ್ಷ ಬಿಟ್ಟು ಯೋನಿ ಬೇಕೆನಿಸಿದರೆ ಹೊದಿಸಲು ಚರ್ಮವೇ ಉಳಿದಿರುವುದಿಲ್ಲ. ಆಗ ಹೊಟ್ಟೆ ಕೊಯ್ದು ದೊಡ್ಡ ಕರುಳಿನ ಒಂದು ಗೇಣಿನಷ್ಟು ತುಂಡನ್ನು ಅದರ ರಕ್ತನಾಳ ಕಡಿಯದಂತೆ ಕೆಳಗಿಳಿಸಿ ಯೋನಿಯಾಗಿ ಹೊಲಿಯಬೇಕಾಗುತ್ತದೆ. ಇದರಲ್ಲಿ ಆಳ ಚೆನ್ನಾಗಿ ಸಿಗುತ್ತದೆ, ತೇವವೂ ತಾನಾಗಿ ಇರುತ್ತದೆ. ಆದರೆ ಲೋಳೆ ಸೋರುವುದು, ವಾಸನೆ, ಕರುಳಿನ ಹೊಲಿಗೆ ಬಿಡುವ ಅಪಾಯ ಜೊತೆಗೆ ಬರುತ್ತವೆ. ಗುಟ್ಟಿನ ಕ್ಲಿನಿಕ್ಕಿಗೆ ಹೋಗುವ ಇಪ್ಪತ್ತರ ಹುಡುಗಿಗೆ ಈ ಮಾತು ಹೇಳುವವರು ಕಡಿಮೆ.

ಇನ್ನು ಅರ್ಹತೆಯ ವಿಚಾರ. ಜಗತ್ತಿನ ಬಹುತೇಕ ವೈದ್ಯರು ಅನುಸರಿಸುವುದು ಡಬ್ಲ್ಯುಪ್ಯಾತ್ ಎಂಬ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿ. ಅದರ ಎಂಟನೇ ಆವೃತ್ತಿ 2022ರಲ್ಲಿ ಬಂತು. ಭಾರತದ ವೈದ್ಯರ ಸಂಘವೊಂದು ಇಲ್ಲಿಗೆ ಹೊಂದುವ ಮಾರ್ಗಸೂಚಿಯನ್ನೂ ಸಿದ್ಧಪಡಿಸಿದೆ. ಮಸ್ಕಿಯ ಕಡೆಯ 26 ವರ್ಷದ ಟ್ರಾನ್ಸ್ ಮಹಿಳೆಯೊಬ್ಬರು ಯೋನಿ ರಚನೆ ಬೇಕೆಂದು ಹೊರಟಿದ್ದಾರೆ ಎಂದಿಟ್ಟುಕೊಂಡರೆ ಈ ದಾರಿ ಸ್ಪಷ್ಟವಾಗುತ್ತದೆ. ಮೊದಲು ಅವರು ಮನೋವೈದ್ಯರನ್ನು ಕಾಣಬೇಕು. ಹುಚ್ಚು ಹಿಡಿದಿದೆಯೇ ಎಂದು ನೋಡುವ ಭೇಟಿಯಲ್ಲ ಅದು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಲಿಂಗತ್ವದ ಈ ಅಸಂಗತತೆಯನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದಲೇ ತೆಗೆದಿದೆ. ವೈದ್ಯರು ನೋಡುವುದು ಈ ಅರಿವು ಗಟ್ಟಿಯಾಗಿ, ಬಹುಕಾಲದಿಂದ ಇದೆಯೇ, ಮಾಡಿಸಿಕೊಳ್ಳುವ ಕೆಲಸ ಏನೆಂದು ಪೂರ್ತಿ ಅರ್ಥವಾಗಿದೆಯೇ, ಗುರು, ಪ್ರೇಮಿ ಅಥವಾ ಮನೆಯವರ ಒತ್ತಡಕ್ಕೆ ಒಪ್ಪುತ್ತಿದ್ದಾರೆಯೇ ಎಂಬುದನ್ನು. ಖಿನ್ನತೆ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಆದರೆ ಅದಕ್ಕೆ ಮೊದಲು ಚಿಕಿತ್ಸೆ ಆಗಬೇಕು. ಹಿಂದಿನ ಆವೃತ್ತಿ ಜನನಾಂಗದ ಆಪರೇಷನ್ನಿಗೆ ಇಬ್ಬರು ತಜ್ಞರ ಪತ್ರ ಕೇಳುತ್ತಿತ್ತು; ಹೊಸದು ಒಬ್ಬರ ಪತ್ರ ಸಾಕೆನ್ನುತ್ತದೆ. ನಮ್ಮ ಶಸ್ತ್ರವೈದ್ಯರಲ್ಲಿ ಹಲವರು ಮುನ್ನೆಚ್ಚರಿಕೆಯಾಗಿ ಇಬ್ಬರದನ್ನೇ ಕೇಳುವುದುಂಟು.

ಎರಡನೆಯದು ಹಾರ್ಮೋನು. ಹಾರ್ಮೋನ್ ಬೇಡವೆನ್ನುವವರು, ದೇಹಕ್ಕೆ ಒಗ್ಗದವರು ಬಿಟ್ಟು ಉಳಿದವರು ಕನಿಷ್ಠ ಆರು ತಿಂಗಳು ವೈದ್ಯರ ನಿಗಾದಲ್ಲಿ ಅದನ್ನು ತೆಗೆದುಕೊಂಡಿರಬೇಕು. ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ಲೆಕ್ಕವಿಲ್ಲದೆ ನುಂಗುವುದು ಹಾರ್ಮೋನ್ ಚಿಕಿತ್ಸೆಯಾಗದು. ಅದರಿಂದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಮಕ್ಕಳ ವಿಚಾರವೂ ಈ ಹಂತದಲ್ಲೇ ತೀರ್ಮಾನವಾಗಬೇಕು. ವೃಷಣ ತೆಗೆದ ಮೇಲೆ ಸ್ವಂತ ಮಗುವಿನ ದಾರಿ ಮುಚ್ಚಿತು; ಬೇಕೆನ್ನುವವರು ಹಾರ್ಮೋನ್ ಶುರುವಾಗುವ ಮುನ್ನವೇ ವೀರ್ಯ ಶೇಖರಿಸಿಡಬೇಕು. ಆಮೇಲೆ ಆಪರೇಷನ್ನಿನ ಸಾಮಾನ್ಯ ತಯಾರಿ: ರಕ್ತಹೀನತೆ, ಸಕ್ಕರೆ, ಬಿಪಿ ಹತೋಟಿಗೆ ಬರಬೇಕು. ಬೀಡಿ, ಸಿಗರೇಟು, ಗುಟ್ಕಾ ಕನಿಷ್ಠ ನಾಲ್ಕಾರು ವಾರ ಮೊದಲೇ ನಿಲ್ಲಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಹಿಡಿಯುವುದರಿಂದ ತೇಪೆ ಹಾಕಿದ ಚರ್ಮ ಕಪ್ಪಾಗಿ ಕೊಳೆಯಬಹುದು. ಒಳಗೆ ಮಗುಚುವ ಚರ್ಮದ ಮೇಲಿನ ಕೂದಲನ್ನು ಲೇಸರ್‌ನಿಂದ ಮೊದಲೇ ತೆಗೆಸದಿದ್ದರೆ ಮುಂದೆ ಅದು ಯೋನಿಯೊಳಗೇ ಬೆಳೆಯುತ್ತದೆ. ಇಷ್ಟಕ್ಕೇ ಒಂದೆರಡು ವರ್ಷ ಹಿಡಿಯುವುದು ಸಾಮಾನ್ಯ. 18 ತುಂಬದವರಿಗೆ ಜನನಾಂಗದ ಆಪರೇಷನ್ ಭಾರತದಲ್ಲಿ ಮಾಡುವುದಿಲ್ಲ.

ಆಪರೇಷನ್ ಮುಗಿದ ಮೇಲೆ ಸುಮಾರು ಒಂದು ವಾರ ಆಸ್ಪತ್ರೆವಾಸ. ಹೊಸ ಕುಹರದೊಳಗೆ ಬಟ್ಟೆಯ ಸುರುಳಿ ತುಂಬಿರುತ್ತಾರೆ, ಮೂತ್ರಕ್ಕೆ ನಳಿಕೆ ಹಾಕಿರುತ್ತಾರೆ. ಐದರಿಂದ ಏಳನೇ ದಿನಕ್ಕೆ ಎರಡನ್ನೂ ತೆಗೆದು ಮೂತ್ರ ಸರಾಗವಾಗಿ ಬರುತ್ತದೆಯೇ ನೋಡುತ್ತಾರೆ. ಅಂದಿನಿಂದ ಶುರುವಾಗುವ ಕೆಲಸದ ಬಗ್ಗೆ ಜನ ಕೇಳಿರುವುದು ಕಡಿಮೆ. ದೇಹಕ್ಕೆ ಈ ಕುಹರವೂ ಒಂದು ಗಾಯವೇ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಅದಕ್ಕಾಗಿ ಡೈಲೇಟರ್ ಎಂಬ ನುಣುಪಾದ ಗಟ್ಟಿ ಕೊಳವೆಗೆ ಜೆಲ್ ಹಚ್ಚಿ ಒಳಗಿಟ್ಟು 15–30 ನಿಮಿಷ ಮಲಗಿರಬೇಕು. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಮೂರು ಸಲ ಇದು ಆಗಬೇಕು. ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತ, ವರ್ಷದ ಮೇಲೆ ವಾರಕ್ಕೊಂದೆರಡು ಸಲಕ್ಕೆ ಇಳಿಯುತ್ತದೆ. ಅದು ಬದುಕಿನುದ್ದಕ್ಕೂ ಉಳಿಯುವ ಕೆಲಸ. ಪ್ರತಿ ಸಲವೂ ಕೊಳವೆ ತೊಳೆಯಬೇಕು, ಒಳಗನ್ನೂ ತೊಳೆದುಕೊಳ್ಳಬೇಕು.

ಸಿಂಧನೂರಿನ ಗದ್ದೆ ಸೀಮೆಯಲ್ಲಿ ಇದು ಏನು ಕೇಳುತ್ತದೆ ಎಂದು ಲೆಕ್ಕ ಹಾಕಿದರೆ ವಾಸ್ತವ ತಿಳಿಯುತ್ತದೆ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ ಬೇಕು, ಮನೆಯೊಳಗೇ ಬಚ್ಚಲು, ಕಕ್ಕಸು ಬೇಕು, ಶುದ್ಧ ನೀರು ಬೇಕು, ದಿನಕ್ಕೆ ಮೂರು ಸಲ ಯಾರೂ ಕೇಳದ ಬಿಡುವು ಬೇಕು. ಆರರಿಂದ ಎಂಟು ವಾರ ಭಾರ ಎತ್ತುವಂತಿಲ್ಲ. ಬಗ್ಗಿ ನಾಟಿ ಮಾಡುವ, ಮೂಟೆ ಹೊರುವ ಕೂಲಿ ಅಷ್ಟು ದಿನ ಇಲ್ಲ. ಮೊದಲ ವಾರಗಳಲ್ಲಿ ಕೂರುವುದೇ ಕಷ್ಟವಿರುವಾಗ, ಬೆಂಗಳೂರಿನಲ್ಲಿ ಆಪರೇಷನ್ ಆದರೆ ವಾಪಸು ಬರುವ ಸುಮಾರು 400 ಕಿಲೋಮೀಟರ್ ಬಸ್ ಹಾದಿಯೂ ಚಿಕಿತ್ಸೆಯ ಭಾಗವೇ. ಅದಕ್ಕೇ ಅನುಭವಿಗಳು ಆಸ್ಪತ್ರೆಯ ಹತ್ತಿರವೇ ಎರಡು ಮೂರು ವಾರ ಕೋಣೆ ಹಿಡಿದು ಉಳಿಯುತ್ತಾರೆ. ಊತ ಇಳಿದು ಅಂಗ ನಿಜರೂಪಕ್ಕೆ ಬರಲು ಮೂರರಿಂದ ಆರು ತಿಂಗಳು ಬೇಕು. ಸಂಭೋಗಕ್ಕೆ ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳ ನಂತರವೇ ಒಪ್ಪಿಗೆ ಕೊಡುತ್ತಾರೆ.

ಹೊಲಿಗೆ ಅಲ್ಲಲ್ಲಿ ಬಿಡುವುದು, ಚೂರು ರಕ್ತ, ಬಿಳಿ ಸ್ರಾವ ಇವೆಲ್ಲ ಹೆಚ್ಚಾಗಿ ತಾವೇ ಸರಿಹೋಗುತ್ತವೆ. ಯೋನಿಯಿಂದ ಗಾಳಿ ಅಥವಾ ಮಲ ಬಂದರೆ ಗುದನಾಳದ ಗೋಡೆಯಲ್ಲಿ ರಂಧ್ರವಾಗಿದೆ ಎಂದರ್ಥ. ಇದು ಅಪರೂಪ, ಆದರೆ ಆದಾಗ ಮತ್ತೆ ಆಪರೇಷನ್ ಬೇಕು. ಒಂದು ಕಾಲು ಮಾತ್ರ ಊದಿ ನೋಯುವುದು, ದಿಢೀರ್ ಉಸಿರು ಕಟ್ಟುವುದು ಹೆಪ್ಪುಗಟ್ಟಿದ ರಕ್ತದ ಸೂಚನೆ. ಅದೇ ಗಳಿಗೆ ಆಸ್ಪತ್ರೆ ಸೇರಬೇಕು. ಮೂತ್ರದ ಬಾಯಿ ಬಿಗಿಯುವುದು ನಿಧಾನಕ್ಕೆ ಬರುವ ತೊಂದರೆ, ಹಳೆಯ ನಿರ್ವಾಣದವರಲ್ಲಂತೂ ಬಹಳ. ಧಾರೆ ದಾರದಂತೆ ಸಣ್ಣಗಾಗುತ್ತದೆ ಅಥವಾ ಚೆದುರುತ್ತದೆ, ಮುಕ್ಕಬೇಕಾಗುತ್ತದೆ, ಆಗಾಗ ಚಳಿಜ್ವರ ಬರುತ್ತದೆ. ನಾಚಿಕೆಯಿಂದ ವರ್ಷಗಟ್ಟಲೆ ಸಹಿಸಿಕೊಂಡರೆ ಮೂತ್ರಪಿಂಡಕ್ಕೇ ಹೊಡೆತ ಬೀಳುತ್ತದೆ. ವೃಷಣ ಹೋದ ಮೇಲೆ ದೇಹದಲ್ಲಿ ಗಂಡಿನ ಹಾರ್ಮೋನೂ ಇಲ್ಲ, ಹೆಣ್ಣಿನದೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಹೊರಗಿನಿಂದ ಹಾರ್ಮೋನ್ ತೆಗೆದುಕೊಳ್ಳದೆ ಹಾಗೇ ಬಿಟ್ಟರೆ ಮುಟ್ಟು ನಿಂತ ಹೆಂಗಸರಂತೆ ಮೈ ಬಿಸಿಯೇರಿ, ಮೂಳೆ ಟೊಳ್ಳಾಗಿ, ನಡುವಯಸ್ಸಿನಲ್ಲೇ ಜಾರಿಬಿದ್ದರೆ ಮುರಿಯುತ್ತದೆ.

ಟ್ರಾನ್ಸ್ ಪುರುಷರ ಎದೆಯ ಆಪರೇಷನ್ ಇದಕ್ಕೆ ಹೋಲಿಸಿದರೆ ಹಗುರ. ಸ್ತನದ ಅಂಗಾಂಶ ತೆಗೆದು, ತೊಟ್ಟನ್ನು ಚಿಕ್ಕದು ಮಾಡಿ ಮರುಜೋಡಿಸುತ್ತಾರೆ. ಒಂದು ವಾರ ರಸ ಹರಿದುಹೋಗುವ ನಳಿಕೆ, ಕೆಲವು ವಾರ ಬಿಗಿ ಪಟ್ಟಿ, ಕೈ ಮೇಲೆತ್ತದಂತೆ ಎಚ್ಚರ. ಆರು ವಾರಕ್ಕೆ ಬಹುತೇಕ ಕೆಲಸಕ್ಕೆ ಮರಳಬಹುದು. ಶಿಶ್ನ ರಚನೆಯ ಕಥೆ ಹಾಗಲ್ಲ. ಮುಂಗೈ ಅಥವಾ ತೊಡೆಯ ಚರ್ಮವನ್ನು ನರ, ರಕ್ತನಾಳಗಳೊಂದಿಗೆ ತೆಗೆದು ಕೊಳವೆಯಾಗಿ ಸುತ್ತಿ ಜೋಡಿಸುವ ಈ ಕೆಲಸ ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ, ವರ್ಷಕ್ಕೂ ಮೇಲೆ ನಡೆಯುತ್ತದೆ. ಹೊಸ ಮೂತ್ರನಾಳದಲ್ಲಿ ಸೋರಿಕೆ, ಇಕ್ಕಟ್ಟು ಸಾಮಾನ್ಯ. ಎದೆ ಮಾಡಿಸಿಕೊಂಡ ಹಲವು ಟ್ರಾನ್ಸ್ ಪುರುಷರು ಅಲ್ಲಿಗೇ ನಿಲ್ಲುವುದಕ್ಕೆ ಇದೇ ಕಾರಣ.

ಹೀಗೆ, ಬೇಡವೆನ್ನುವವರ ಕಾರಣಗಳಲ್ಲಿ ಕೆಲವು ವೈದ್ಯಕೀಯದಲ್ಲೇ ಇವೆ. ಅಪಾಯ, ಖರ್ಚು, ಬಿಡುವಿಲ್ಲದ ಕೂಲಿ, ಮಕ್ಕಳ ಆಸೆ, ಇರುವ ಸುಖ ಕಳೆದೀತೆಂಬ ಅಂಜಿಕೆ. ಆದರೆ ಎಲ್ಲರೂ ಸೌಲಭ್ಯವಿಲ್ಲದೆ ಬೇಡವೆನ್ನುತ್ತಾರೆ ಎಂದು ಭಾವಿಸಿದರೆ ಅವರ ಮಾತನ್ನು ಅರ್ಧ ಮಾತ್ರ ಕೇಳಿದಂತೆ. ದೇಹದ ಬಗೆಗಿನ ಸಂಕಟ ಎಲ್ಲರಿಗೂ ಒಂದೇ ಜಾಗದಲ್ಲಿರುವುದಿಲ್ಲ. ಒಬ್ಬರಿಗೆ ಗಡ್ಡವೇ ಸಂಕಟ, ಇನ್ನೊಬ್ಬರಿಗೆ ದನಿ, ಮತ್ತೊಬ್ಬರಿಗೆ ಎದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಜನ ಗುರುತಿಸುವುದೂ ಅವುಗಳಿಂದಲೇ ಹೊರತು ಬಟ್ಟೆಯೊಳಗಿನ ಅಂಗದಿಂದಲ್ಲ. ತನ್ನ ಅಂಗದ ಮೇಲೆ ಯಾವ ಜಗಳವೂ ಇಲ್ಲದೆ ತಾನು ಹೆಣ್ಣೆಂದು ಬಲ್ಲವರಿದ್ದಾರೆ. ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂಬವರಿಗೆ ಒಂದು ದಡದಿಂದ ಇನ್ನೊಂದಕ್ಕೆ ದಾಟುವ ಅಗತ್ಯವೇ ಇಲ್ಲ. ಅಮೆರಿಕದಲ್ಲಿ 2015ರಲ್ಲಿ ಸುಮಾರು 28 ಸಾವಿರ ಟ್ರಾನ್ಸ್‌ಜೆಂಡರ್ ಜನರ ಸಮೀಕ್ಷೆ ನಡೆದಾಗ, ಇಂಥ ಯಾವುದಾದರೊಂದು ಆಪರೇಷನ್ ಆದವರು ಕಾಲುಭಾಗ ಮಾತ್ರ. ಉಳಿದವರಲ್ಲಿ ಬೇಡವೆಂದವರೂ ದಕ್ಕದವರೂ ಸೇರಿದ್ದರು. ಮಾಡಿಸಿಕೊಂಡವರು ಬಹುಪಾಲು ತೃಪ್ತರು ಎಂಬುದೂ ನಿಜ: 27 ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ಒಂದು ವಿಮರ್ಶೆ ಪಶ್ಚಾತ್ತಾಪ ಪಟ್ಟವರು ಶೇ 1ರ ಆಸುಪಾಸು ಎಂದಿತು. ಆ ಅಧ್ಯಯನಗಳಲ್ಲಿ ಹಲವು ದೀರ್ಘಕಾಲ ಬೆನ್ನು ಹತ್ತಿದವಲ್ಲ ಎಂಬ ಟೀಕೆಯೂ ಇದೆ. ಬೇಕೆಂದು ತಿಳಿದು ಮಾಡಿಸಿಕೊಂಡವರ ತೃಪ್ತಿ ಅದು. ಬೇಡದವರಿಗೆ ಅದನ್ನು ಹೇರಲು ಆಧಾರವಾಗದು.

ಜೋಗಪ್ಪಗಳಿಗೆ ಈ ಹೇರಿಕೆ ಎರಡು ಕಡೆಯಿಂದ ಬರುತ್ತದೆ. ಊರು ಬಿಟ್ಟು ಬೆಂಗಳೂರು, ಮುಂಬೈ ಸೇರಿದಾಗ ಜಮಾತಿನಲ್ಲಿ ಅಕ್ವಾ ಎಂಬ ಕೀಳು ನೋಟ. ಅದನ್ನು ತಾಳದೆ ನಿರ್ವಾಣಕ್ಕೆ ಒಪ್ಪಿದವರಿದ್ದಾರೆ. ಮರಳಿ ಊರಿಗೆ ಬಂದರೆ ದೇವಿಯ ಕಟ್ಟಳೆ ಮುರಿದರೆಂಬ ಮಾತು ಕಾದಿರುತ್ತದೆ. ಇನ್ನೊಂದು ಕಡೆ ಕಾಗದಪತ್ರದ್ದು. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಿಂಗತ್ವ ಘೋಷಿಸಿಕೊಳ್ಳಲು ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಅನೈತಿಕ, ಕಾನೂನುಬಾಹಿರ ಎಂದಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಮಾತ್ರ ಎರಡು ಮೆಟ್ಟಿಲು ಇಟ್ಟಿತು. 'ಟ್ರಾನ್ಸ್‌ಜೆಂಡರ್' ಎಂಬ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಗೆ ಅಫಿಡವಿಟ್ ಸಾಕು, ಮೈ ಪರೀಕ್ಷೆ ಬೇಡ ಎಂದು 2020ರ ನಿಯಮ ಹೇಳಿತು. ಗಂಡು ಅಥವಾ ಹೆಣ್ಣು ಎಂದೇ ಬರೆಸಬೇಕಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಶಸ್ತ್ರಚಿಕಿತ್ಸೆ ಆಗಿದೆಯೆಂದು ಕೊಡುವ ಪತ್ರ ಬೇಕೆಂದು ಕಾಯ್ದೆಯ 7ನೇ ಕಲಂ ಕೇಳಿತು. ಹೆಣ್ಣೆಂದು ದಾಖಲಾಗಲಷ್ಟೇ ಮೈ ಕೊಯ್ಸಿಕೊಳ್ಳಬೇಕಾದೀತು ಎಂದು ಸಮುದಾಯದವರು ಆಕ್ಷೇಪಿಸಿದ್ದು ಇದನ್ನೇ.

ಅದೇ ಕಾಯ್ದೆಯ 15ನೇ ಕಲಂ ಈ ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನ್ ಚಿಕಿತ್ಸೆ ಒದಗಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. 2022ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಯೋಜನೆಗೆ ಕೇಂದ್ರದಲ್ಲಿ ಒಪ್ಪಂದವಾಗಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವಿಮೆಯ ಮಾತು ಬಂತು. ಅದಕ್ಕೆ ಜಿಲ್ಲಾಧಿಕಾರಿಯ ಪ್ರಮಾಣಪತ್ರವೇ ಕೀಲಿ. ಹಾಗಾಗಿ ಆಪರೇಷನ್ ಬೇಕೆನ್ನುವವರು ಕಾಗದ ಮೊದಲು ಮಾಡಿಸಿ, ಯೋಜನೆ ನಡೆಯುವ ಆಸ್ಪತ್ರೆಯಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿ ಅನುಭವವಿರುವ ಪ್ಲಾಸ್ಟಿಕ್ ಸರ್ಜನ್ ಇದ್ದಾರೆಯೇ ಎಂದು ವಿಚಾರಿಸಿಕೊಳ್ಳುವುದು ಕ್ಷೇಮ. ಬೇಡವೆನ್ನುವವರಿಗೂ ಆಸ್ಪತ್ರೆಯ ಸಂಬಂಧ ತಪ್ಪುವುದಿಲ್ಲ. ಐವತ್ತು ದಾಟಿದ ಜೋಗಪ್ಪ ರಾತ್ರಿ ಪದೇಪದೇ ಮೂತ್ರಕ್ಕೆ ಎದ್ದರೆ ಪ್ರಾಸ್ಟೇಟ್ ತೋರಿಸಬೇಕು. ಯೋನಿ ರಚನೆಯಾದ ಟ್ರಾನ್ಸ್ ಮಹಿಳೆಗೂ ಅದೇ ಮಾತು, ಏಕೆಂದರೆ ಅವರ ಪ್ರಾಸ್ಟೇಟ್ ಇದ್ದಲ್ಲೇ ಇದೆ. ಗರ್ಭಕೋಶ ಉಳಿಸಿಕೊಂಡ ಟ್ರಾನ್ಸ್ ಪುರುಷನಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು, ಆತ ಹೆರಿಗೆ ವಾರ್ಡಿನ ಪಕ್ಕದ ಸಾಲಿನಲ್ಲಿ ನಿಲ್ಲಬೇಕಾಗಿ ಬಂದರೂ.